ಇನ್ನೊಂದು ಹತ್ತು ನಿಮಿಷ

ಬಲದವಡೆಯ ಹಲ್ಲೊಂದು ತಣ್ಣೀರು ತಗುಲಿದರೆ ಜುಮ್ಮೆನ್ನತೊಡಗಿ ಎರಡು ವಾರವಾಗಿತ್ತು. ದಂತವೈದ್ಯರಿಗೆ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳುವುದು ಎರಡು ನಿಮಿಷದ ಕೆಲಸ. ಅದಕ್ಕಾಗಿ ಮೊಬೈಲ್‌ನಲ್ಲಿ ಪ್ರತಿ ಸಂಜೆ 5.30ಕ್ಕೆ ಒಂದು ರಿಮೈಂಡರ್ ಇಟ್ಟೆ. ಒಂಬತ್ತು ದಿನ ಅದು ಚಾಚೂ ತಪ್ಪದೆ ಹೊಡೆದುಕೊಂಡಿತು. ನಾನೂ ಚಾಚೂ ತಪ್ಪದೆ ಸಂಜೆಗೆ ಮೂರರಂತೆ ಇಪ್ಪತ್ತೇಳು ಬಾರಿ ಸ್ನೂಜ್ ಒತ್ತಿದೆ. ಹಲ್ಲು ಮಾತ್ರ ಯಾವ ಗುಂಡಿಗೂ ಬಗ್ಗಲಿಲ್ಲ.

ಹತ್ತನೆಯ ದಿನ ಲೆಕ್ಕ ಹಾಕಿ ನೋಡಿದಾಗ ನಾಚಿಕೆಯಾಯಿತು. ನನ್ನ ಸ್ನೂಜ್‌ನ ಅಳತೆ ಹತ್ತು ನಿಮಿಷ, ಮಿತಿ ಮೂರು ಬಾರಿ. 5.30ಕ್ಕೆ ಮೊದಲ ಸದ್ದು, ಮತ್ತೆ 5.40, 5.50, ಕೊನೆಗೆ 6.00. ದವಾಖಾನೆಯಲ್ಲಿ ಫೋನ್ ಎತ್ತುವುದು ಸರಿಯಾಗಿ ಆರರವರೆಗೆ. ಅಂದರೆ ಇನ್ನು ಮುಂದೂಡಲಾಗದು ಎಂದು ರಿಮೈಂಡರ್ ಪಟ್ಟು ಹಿಡಿಯುವ ಗಳಿಗೆಯೂ, ಅತ್ತ ಬಾಗಿಲು ಮುಚ್ಚುವ ಗಳಿಗೆಯೂ ಒಂದೇ. ‘ಅಯ್ಯೋ, ಮುಚ್ಚಿಬಿಟ್ಟರಲ್ಲ’ ಎಂದು ದಿನವೂ ಪೇಚಾಡಿದ್ದೆ. ಆ ಪೇಚಾಟದ ಒಳಗೆ ಎಷ್ಟು ಹಾಯಾಗಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಹತ್ತು ಮೂರಲೆ ಮೂವತ್ತು ಎಂಬ ಮಗ್ಗಿ ನನಗಿಂತ ಮೊದಲು ನನ್ನ ಹೆಬ್ಬೆರಳಿಗೆ ಗೊತ್ತಾಗಿತ್ತು.

ಈ ಗುಂಡಿ ಹುಟ್ಟಿದ್ದು ನಮ್ಮಂಥವರಿಗಾಗಿ ಅಲ್ಲ, ಮಲಗಿದವರಿಗಾಗಿ. 1956ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್-ಟೆಲಿಕ್ರಾನ್ ‘ಸ್ನೂಜ್-ಅಲಾರಂ’ ಎಂಬ ಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಮುಂದೆ ಒಂಬತ್ತು ನಿಮಿಷ ಎಂಬುದು ಸ್ನೂಜ್‌ಗೆ ಹೆಚ್ಚುಕಡಿಮೆ ವಾಡಿಕೆಯ ಅಳತೆಯಾಗಿ, ಎಷ್ಟೋ ವರ್ಷ ಐಫೋನಿನ ಅಲಾರಂ ಕೂಡ ಅದನ್ನೇ ಹಿಡಿದುಕೊಂಡಿತ್ತು. ಹಾಸಿಗೆಯಲ್ಲಿರುವವನಿಗೆ ಆ ಒಂಬತ್ತು ನಿಮಿಷದಲ್ಲಿ ಏನಾದರೂ ದಕ್ಕುತ್ತದೆ. ಒಂದು ತೂಕಡಿಕೆಯಾದರೂ ಸರಿ. ಅದೇ ಗುಂಡಿಯನ್ನು ತಂದು ಕೆಲಸದ ಪಟ್ಟಿಗೆ ಅಂಟಿಸಿದಾಗ ಅರ್ಥವೇ ಬೇರೆಯಾಯಿತು. 5.30ಕ್ಕೆ ಫೋನ್ ಮಾಡಲು ಮನಸ್ಸಿಲ್ಲದವನಿಗೆ 5.40ಕ್ಕೆ ಮನಸ್ಸು ಬರುವಂಥದ್ದೇನು ನಡೆದಿರುತ್ತದೆ? ಅದೇ ಕುರ್ಚಿ, ಅದೇ ನಾನು, ಅದೇ ‘ಹಲೋ, ಯಾರು ಮಾತನಾಡುವುದು’ ಎಂಬ ಅಳುಕು.

ಕೈ ಒದ್ದೆಯಾಗಿದ್ದರೆ, ಯಾರೊಂದಿಗೋ ಮಾತಿನಲ್ಲಿದ್ದರೆ ಹತ್ತು ನಿಮಿಷ ಸರಿಯಾದ ಅಳತೆಯೇ. ಅಡ್ಡಿ ಕಳೆಯುತ್ತದೆ, ಕೆಲಸ ಶುರುವಾಗುತ್ತದೆ. ಆದರೆ ಅಡ್ಡಿ ಹೊರಗಿಲ್ಲದೆ ಮನಸ್ಸಿನಲ್ಲಿದ್ದಾಗ ಸಣ್ಣ ಸ್ನೂಜ್‌ನಷ್ಟು ಮೋಸದ್ದು ಮತ್ತೊಂದಿಲ್ಲ. ಏಕೆಂದರೆ ಅದಕ್ಕೆ ಬೆಲೆಯೇ ಇಲ್ಲ. ಹತ್ತು ನಿಮಿಷ ತಡವಾದರೆ ಹಲ್ಲೇನು ಉದುರುತ್ತದೆಯೇ? ಖಂಡಿತ ಇಲ್ಲ. ಒತ್ತಿದಾಗಲೆಲ್ಲ ಈ ಉತ್ತರ ಸರಿಯಾಗಿಯೇ ಇತ್ತು. ಹಾಗೆ ಸರಿಯಾದ ಇಪ್ಪತ್ತೇಳು ಉತ್ತರಗಳನ್ನು ಸಾಲಾಗಿ ಜೋಡಿಸಿದ್ದಕ್ಕೆ ಒಂಬತ್ತು ದಿನ ಹೋಯಿತು.

ಟೆಡ್ ಒಡೋನಹ್ಯೂ ಮತ್ತು ಮ್ಯಾಥ್ಯೂ ರೇಬಿನ್ ಎಂಬ ಅರ್ಥಶಾಸ್ತ್ರಜ್ಞರು 1999ರಲ್ಲಿ ಈ ರೋಗಕ್ಕೊಂದು ಲೆಕ್ಕ ಬರೆದರು. ಈಗ ಪಡಬೇಕಾದ ಶ್ರಮ ನಮಗೆ ದೊಡ್ಡದಾಗಿ ಕಾಣುತ್ತದೆ, ಆಮೇಲಿನದು ಚಿಕ್ಕದಾಗಿ. ಆ ‘ಆಮೇಲೆ’ ಬಂದಾಗಲೂ ಹೀಗೆಯೇ ಕಾಣುತ್ತದೆ ಎಂದು ತಿಳಿಯದವನು ಸಣ್ಣ ಕೆಲಸವನ್ನೂ ಕೊನೆಯಿಲ್ಲದೆ ಮುಂದೂಡಬಲ್ಲ. ಇದನ್ನು ನನ್ನ ಮೊಬೈಲ್‌ಗೆ ಅನ್ವಯಿಸಿದರೆ ಒಂದು ತಲೆಕೆಳಗಾದ ಸಲಹೆ ಹೊರಡುತ್ತದೆ: ಸ್ನೂಜ್ ಉದ್ದವಾಗಿದ್ದಷ್ಟೂ ಒತ್ತುವುದು ಕಷ್ಟ. ‘ಈಗ ಮಾಡು, ಇಲ್ಲವೇ ನಾಳೆ ಇದೇ ಹೊತ್ತಿಗೆ’ ಎಂದರೆ ಮಧ್ಯದಲ್ಲೊಂದು ರಾತ್ರಿ, ಆ ರಾತ್ರಿಯಲ್ಲೊಂದು ಹಲ್ಲುನೋವು ಕಣ್ಣಿಗೆ ಕಟ್ಟುತ್ತದೆ. ಮುಂದೂಡುವುದಕ್ಕೆ ಆಗ ಬೆಲೆ ಬರುತ್ತದೆ.

ಉದ್ದದ ಸ್ನೂಜ್‌ಗೂ ಅದರದೇ ಆದ ಗುಂಡಿ ಇದೆ, ಬೀಳುವ ಗುಂಡಿ. ಔಟ್‌ಲುಕ್ ಕ್ಯಾಲೆಂಡರಿನ ಸ್ನೂಜ್ ಪಟ್ಟಿ ಐದು ನಿಮಿಷದಲ್ಲಿ ಶುರುವಾಗಿ ಎರಡು ವಾರದವರೆಗೆ ಇಳಿಯುತ್ತದೆ. ಎರಡು ವಾರ ಎಂದು ಒತ್ತುವವನು ಕೆಲಸವನ್ನು ಮುಂದೂಡುತ್ತಿಲ್ಲ, ಶಿಷ್ಟಾಚಾರ ಕೆಡದಂತೆ ಅದನ್ನು ಹೂಳುತ್ತಿದ್ದಾನೆ. ಎರಡು ವಾರದ ಬಳಿಕ ಅದು ಎದ್ದು ಬಂದಾಗ, ಏಕೆ ಇಟ್ಟಿದ್ದೆ ಎಂಬುದೇ ಅರ್ಧ ಮರೆತಿರುತ್ತದೆ.

ಇನ್ನು ಮಿತಿಯ ಕಥೆ. ಮೂರು ಬಾರಿ ಮಾತ್ರ ಎಂದು ಕಟ್ಟು ಹಾಕಿಕೊಂಡವನು ನಾನೇ. ಹಾಕಿದ ದಿನ ತುಂಬ ಶಿಸ್ತಿನ ಮನುಷ್ಯನೆನಿಸಿತ್ತು. ನಡೆದದ್ದು ಬೇರೆ. ಮಿತಿ ಎಂದು ಇಟ್ಟದ್ದು ಪಾಲು ಆಯಿತು. ಮೂರು ಇವೆ ಎಂದಾದ ಮೇಲೆ ಮೊದಲ ಎರಡನ್ನು ಬಳಸದೆ ಬಿಡುವುದು ನಷ್ಟವೆನಿಸತೊಡಗಿತು. ಮಿತಿ ಇಲ್ಲದಿದ್ದ ಕಾಲದಲ್ಲಿ ಒಂದೊಂದು ದಿನವಾದರೂ ಮೊದಲ ಸದ್ದಿಗೇ ಎದ್ದು ಕೆಲಸ ಮುಗಿಸಿದ್ದುಂಟು. ಮಿತಿ ಬಂದ ಮೇಲೆ ಅದೂ ನಿಂತಿತು.

ನಾಲ್ಕನೆಯ ಸದ್ದಿನ ನಂತರ ಏನಾಗುತ್ತದೆ ಎಂಬುದರಲ್ಲೇ ಮಿತಿಯ ಜೀವವಿದೆ. ನನ್ನ ಮೊಬೈಲ್ ಆಗ ಸುಮ್ಮನಾಗುತ್ತಿತ್ತು. ರಿಮೈಂಡರ್ ‘ತಪ್ಪಿದವು’ ಎಂಬ ರಾಶಿಗೆ ಜಾರಿ, ಮರುದಿನ ಮತ್ತೆ ಹೊಸ ಮೂರು ಸ್ನೂಜ್‌ಗಳೊಂದಿಗೆ ಮಿಂದು ಮಡಿಯುಟ್ಟು ಬರುತ್ತಿತ್ತು. ದಿನಕ್ಕೊಮ್ಮೆ ಸಾಲ ಮನ್ನಾ ಆಗುವುದಾದರೆ ತೀರಿಸುವವರು ಯಾರು?

ಹೆಂಡತಿ ಇದನ್ನೆಲ್ಲ ನನಗಿಂತ ಮೊದಲೇ ಕಂಡಿದ್ದಳು.

“ನಿನ್ನೆ ಸಂಜೆ ಅದು ಏನೆಂದು ಹೊಡೆದುಕೊಂಡಿತು, ಹೇಳಿ ನೋಡೋಣ” ಎಂದಳು.

“ದಂತವೈದ್ಯರಿಗೆ ಫೋನ್ ಮಾಡು ಎಂದು.”

“ಅದೊಂದೇ ಅಲ್ಲ. ನಿನ್ನೆ ಸಂಜೆ ನಿಮ್ಮ ಅಕ್ಕನ ಹುಟ್ಟುಹಬ್ಬದ ರಿಮೈಂಡರೂ ಹೊಡೆದುಕೊಂಡಿತು. ಅದನ್ನೂ ನೀವು ಓದದೆ ಒತ್ತಿದಿರಿ.”

ಇದಕ್ಕಿಂತ ಸ್ಪಷ್ಟವಾದ ಲಕ್ಷಣ ಬೇಕಿಲ್ಲ. ಓದಿ ಒತ್ತುತ್ತಿದ್ದರೆ ಅದು ಇನ್ನೂ ತೀರ್ಮಾನ. ಓದುವ ಮೊದಲೇ ಒತ್ತುತ್ತಿದ್ದರೆ ರಿಮೈಂಡರ್ ಸತ್ತು, ನೊಣ ಓಡಿಸುವ ಅಭ್ಯಾಸವೊಂದು ಉಳಿದಿದೆ ಎಂದು ಅರ್ಥ. ಅಕ್ಕನಿಗೆ ತಡವಾಗಿ ಶುಭಾಶಯ ಹೇಳಿ ಬೈಸಿಕೊಂಡೆ.

ಅಂದೇ ನಾಲ್ಕು ಬದಲಾವಣೆ ಮಾಡಿದೆ. ಸಮಯವನ್ನು ಬೆಳಿಗ್ಗೆ 11ಕ್ಕೆ ತಂದೆ. ಮುಂದೂಡಿದರೂ ಬಾಗಿಲು ಮುಚ್ಚುವ ನೆಪ ಸಿಗಬಾರದು. ‘ಹಲ್ಲು’ ಎಂದಷ್ಟೇ ಇದ್ದ ಶೀರ್ಷಿಕೆಯ ಜಾಗದಲ್ಲಿ ದವಾಖಾನೆಯ ಫೋನ್ ಸಂಖ್ಯೆಯನ್ನೇ ಬರೆದೆ. ಹುಡುಕುವ ಕೆಲಸವೂ ಮುಂದೂಡಲು ಒಂದು ಕಾರಣವಾಗುತ್ತಿತ್ತು. ಸ್ನೂಜ್ ಒಂದೇ ಬಾರಿ, ಎರಡು ಗಂಟೆಯದು. ಅದೂ ಮುಗಿದರೆ ರಿಮೈಂಡರನ್ನು ಮರುದಿನಕ್ಕೆ ತಾನಾಗಿ ಬರಲು ಬಿಡದೆ, ಹೊಸ ಹೊತ್ತನ್ನು ಕೈಯಾರೆ ಬರೆಯಬೇಕು ಅಥವಾ ಅಳಿಸಬೇಕು. ಈ ಅಳಿಸುವ ಆಯ್ಕೆಯನ್ನು ಕಡೆಗಣಿಸಬಾರದು. ‘ಹಳೆಯ ಫೋಟೊ ವಿಂಗಡಿಸು’ ಎಂದು ತಿಂಗಳುಗಟ್ಟಲೆ ಕೂಗುತ್ತಿದ್ದ ರಿಮೈಂಡರ್ ಈ ಕಟ್ಟಳೆಗೆ ಸಿಕ್ಕ ಮೊದಲ ದಿನವೇ ಮುಕ್ತಿ ಪಡೆಯಿತು. ನಾನದನ್ನು ಮಾಡುವವನಲ್ಲ ಎಂದು ಅದಕ್ಕೂ ಗೊತ್ತಿತ್ತು.

ಮರುದಿನ 11ಕ್ಕೆ ಸದ್ದಾಯಿತು. ಹೆಬ್ಬೆರಳು ವಾಡಿಕೆಯಂತೆ ಹೊರಟು, ‘2 ಗಂಟೆ’ ಎಂಬ ಅಕ್ಷರ ನೋಡಿ ಅರ್ಧದಲ್ಲೇ ತಡೆಯಿತು. ಎರಡು ಗಂಟೆ ಈ ಅಳುಕನ್ನು ಹೊತ್ತುಕೊಂಡು ಓಡಾಡಬೇಕೇ ಎಂದುಕೊಂಡು ಸಂಖ್ಯೆಯ ಮೇಲೆ ಒತ್ತಿದೆ. ಮಾತು ಮುಗಿಯಲು ಎರಡು ನಿಮಿಷವೂ ಬೇಕಾಗಲಿಲ್ಲ. ಗುರುವಾರ ನಾಲ್ಕಕ್ಕೆ ಬನ್ನಿ ಎಂದ ಆಚೆಯ ಹೆಣ್ಣುಮಗಳು, “ಮರೆಯಬಾರದೆಂದು ಹಿಂದಿನ ದಿನ ನಿಮಗೊಂದು ರಿಮೈಂಡರ್ ಕಳುಹಿಸುತ್ತೇವೆ ಸರ್” ಎಂದಳು.