ಎರಡೆರಡು ಹುಟ್ಟುಹಬ್ಬ

ಗೆಳೆಯನೊಬ್ಬ ಫೋನ್ ಮಾಡಿ, "ನನಗೆ ಅರವತ್ತು ತುಂಬಿತು ಕಣೋ, ಇನ್ನು ಮೇಲೆ ಮರ್ಯಾದೆ ಕೊಟ್ಟು ಮಾತಾಡು" ಅಂದ. ನಮ್ಮಿಬ್ಬರದೂ ಒಂದೇ ವಯಸ್ಸು. ಐವತ್ತೆಂಟೂವರೆ. ನಿಜ ಹೇಳಬೇಕೆಂದರೆ ನಾನೇ ನಾಲ್ಕು ತಿಂಗಳು ದೊಡ್ಡವನು. ಕೇಳಿದರೆ, ಇದು ಚಂದ್ರನ ಲೆಕ್ಕ ಅಂತೆ. ಹಾಗಾದರೆ ನನಗೆ ಅವನಿಗಿಂತ ಮೊದಲೇ ಅರವತ್ತಾಗಿರಬೇಕಲ್ವಾ? ಅಷ್ಟು ಹೊತ್ತಿಗೆ ಅವನು ಫೋನ್ ಇಟ್ಟಿದ್ದ. ಈ ವಯಸ್ಸಿನಲ್ಲಿ ಯಾರಿಗಾದರೂ ಬಿಟ್ಟಿ ಒಂದೂವರೆ ವರ್ಷ ಬೇಕಾಗಿರುತ್ತದೆಯೇ? ನನಗಂತೂ ಬೇಡ.

ಲೆಕ್ಕ ಮಾತ್ರ ಸರಿಯಾಗಿಯೇ ಇದೆ. ಚಂದ್ರನ ಹನ್ನೆರಡು ತಿಂಗಳು ಮುಗಿಯಲು ಸುಮಾರು 354 ದಿನ ಸಾಕು. ಸೂರ್ಯನ ವರ್ಷಕ್ಕೆ 365 ಚಿಲ್ಲರೆ ಬೇಕು. ವರ್ಷಕ್ಕೆ ಹನ್ನೊಂದು ದಿನದ ಹತ್ತಿರ ವ್ಯತ್ಯಾಸ. ಮೂರು ವರ್ಷಕ್ಕೆ ಅದು ಒಂದು ತಿಂಗಳು ದಾಟುತ್ತದೆ. 32 ತುಂಬುವ ಹೊತ್ತಿಗೆ ಚಂದ್ರನ ಕಡೆ 33 ಆಗಿರುತ್ತದೆ. ಬದುಕಿದ ದಿನಗಳು ಅಷ್ಟೇ, ಅಳೆಯುವ ಮೊಳ ಗಿಡ್ಡ. ಗಿಡ್ಡ ಮೊಳದಲ್ಲಿ ಅಳೆದರೆ ಬಟ್ಟೆ ಜಾಸ್ತಿ ಬಂದಂತೆ ಕಾಣುತ್ತದೆ, ಅಂಗಿ ದೊಡ್ಡದಾಗುವುದಿಲ್ಲ.

ಹಾಗಂತ ಚಂದ್ರನನ್ನು ನಂಬುವ ಎಲ್ಲ ಪಂಚಾಂಗಗಳಲ್ಲೂ ವಯಸ್ಸು ಓಡುವುದಿಲ್ಲ. ಅಧಿಕ ಮಾಸ ಸೇರಿಸುವ ಕಡೆ 19 ವರ್ಷಕ್ಕೆ ಏಳು ತಿಂಗಳು ತುರುಕಿ ಚಂದ್ರನನ್ನು ಸೂರ್ಯನ ಜೊತೆಗೆ ತಂದು ನಿಲ್ಲಿಸುತ್ತಾರೆ. ಹಿಜರಿ ಪಂಚಾಂಗದಲ್ಲಿ ಆ ತುರುಕಾಟ ಇಲ್ಲ. ಅಲ್ಲಿ ಹುಟ್ಟುಹಬ್ಬ ಪ್ರತಿ ವರ್ಷ ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ, ಚಳಿ, ಮಳೆ, ಬೇಸಿಗೆ ಎಲ್ಲ ಸುತ್ತಿ ಬರುತ್ತದೆ.

ಈ ಎರಡೂ ವಯಸ್ಸನ್ನು ಒಟ್ಟಿಗೆ ಇಟ್ಟುಕೊಂಡವನು ಅಕ್ಬರ್. ಒಂದನ್ನೂ ಬಿಡಲಿಲ್ಲ. ವರ್ಷಕ್ಕೆ ಎರಡು ಸಲ ತಕ್ಕಡಿಯಲ್ಲಿ ಕೂರುತ್ತಿದ್ದ, ತೂಗಿದ್ದನ್ನು ದಾನ ಮಾಡುತ್ತಿದ್ದರು. ಅವನ ಆಸ್ಥಾನದ ಚರಿತ್ರೆಕಾರ ಅಬುಲ್ ಫಜಲ್ ತನ್ನ ಐನ್-ಎ-ಅಕ್ಬರಿ ಗ್ರಂಥದಲ್ಲಿ ಇದನ್ನು ದಿನಸಿ ಚೀಟಿಯ ಹಾಗೆ ಬರೆದಿಟ್ಟಿದ್ದಾನೆ. ಸೂರ್ಯನ ಹುಟ್ಟುಹಬ್ಬಕ್ಕೆ ಹನ್ನೆರಡು ಸಲ ತೂಗಬೇಕು: ಬಂಗಾರ, ಪಾದರಸ, ರೇಷ್ಮೆ, ಸುಗಂಧ, ತಾಮ್ರ, ತುಪ್ಪ, ಕಬ್ಬಿಣ, ಉಪ್ಪು, ಹೀಗೆ. ಚಂದ್ರನದಕ್ಕೆ ಎಂಟೇ ಸಲ: ಬೆಳ್ಳಿ, ತವರ, ಸೀಸ, ಬಟ್ಟೆ, ಹಣ್ಣು, ಸಾಸಿವೆ ಎಣ್ಣೆ, ತರಕಾರಿ ಇತ್ಯಾದಿ. ಗಮನಿಸಿ, ಬಂಗಾರ ಸೂರ್ಯನಿಗೆ, ಸಾಸಿವೆ ಎಣ್ಣೆ ಚಂದ್ರನಿಗೆ. ಬೇಗ ಬೇಗ ಬರುವ ಹುಟ್ಟುಹಬ್ಬಕ್ಕೆ ಕಡಿಮೆ ಖರ್ಚು! ಬೇಕೆಂದೇ ಹಾಗೆ ಮಾಡಿದರೋ ಏನೋ, ನನಗೆ ಮಾತ್ರ ಯಾರೋ ಜಾಣ ಖಜಾಂಚಿಯ ಕೈವಾಡ ಕಾಣುತ್ತದೆ. ಪಾದರಸಕ್ಕೆ ಸಮನಾಗಿ ಚಕ್ರವರ್ತಿಯನ್ನು ತೂಗುವುದು ಹೇಗಿತ್ತೋ! ಅದು ನೀರಿಗಿಂತ ಹದಿಮೂರು ಪಟ್ಟಿಗೂ ಜಾಸ್ತಿ ಭಾರ. ಅವನ ತೂಕದ್ದು ಒಂದು ಸಣ್ಣ ಬಿಂದಿಗೆಯಲ್ಲಿ ಹಿಡಿದುಬಿಡುತ್ತದೆ. ಅದೇ ತೂಕದ ರೇಷ್ಮೆಗೆ ಮೂಟೆಗಟ್ಟಲೆ ಜಾಗ ಬೇಕು. ತಕ್ಕಡಿಯ ಒಂದು ಕಡೆ ಮನುಷ್ಯ ಒಬ್ಬನೇ, ಇನ್ನೊಂದು ಕಡೆಯ ಗುಡ್ಡ ಪ್ರತಿ ಸಲವೂ ಬೇರೆ ಬೇರೆ ಎತ್ತರ. ಹನ್ನೆರಡು ಸಲ ಇಳಿಸಿ ಏರಿಸುವವರ ಗತಿ ಯೋಚಿಸಿ. ಅವರ ಸೊಂಟಕ್ಕೆ ಯಾವ ಪಂಚಾಂಗವಾದರೂ ಒಂದೇ.

ಅಕ್ಬರ್ ಹುಟ್ಟಿದ್ದು 1542ರ ಅಕ್ಟೋಬರ್‌ನಲ್ಲಿ, ಹಿಜರಿ 949ರ ರಜಬ್ ತಿಂಗಳ ಐದರಂದು. 1574ರಲ್ಲಿ ಲೆಕ್ಕ ಹಾಕಿ ನೋಡಿದರೆ ಒಂದು ತಮಾಷೆ ಸಿಗುತ್ತದೆ. 33 ಚಾಂದ್ರ ವರ್ಷ ಎಂದರೆ 32 ಸೌರ ವರ್ಷ ಮತ್ತು ಆರು ದಿನ. ಹಾಗಾಗಿ ಆ ಅಕ್ಟೋಬರ್‌ನಲ್ಲಿ ಅವನ ಎರಡು ಹುಟ್ಟುಹಬ್ಬ ಒಂದೇ ವಾರದೊಳಗೆ ಬಿದ್ದವು. ಸೂರ್ಯ 32 ಅಂದ. ಆರು ದಿನ ಬಿಟ್ಟು ಚಂದ್ರ 33 ಅಂದ. ಅಷ್ಟೇ ದಿನಕ್ಕೆ ಒಂದು ವರ್ಷ ದೊಡ್ಡವನಾಗುವ ಭಾಗ್ಯ, ಅದೂ ಯಾವ ಕಾಯಿಲೆಯೂ ಇಲ್ಲದೆ!

ಇದೆಲ್ಲ ಓದುತ್ತ ನಾನು ವಯಸ್ಸಿನ ಬಗ್ಗೆ ಏನೋ ಒಂದು ದೊಡ್ಡ ಮಾತು ಹೇಳಬೇಕೆಂದಿದ್ದೆ. ಅದು ಹೊಳೆಯಲಿಲ್ಲ. ಹೊಳೆದದ್ದು ಇಷ್ಟೇ: ಹಳೆಯ ಚರಿತ್ರೆಯಲ್ಲಿ ಯಾರಾದರೂ ಇಷ್ಟು ವರ್ಷ ಬದುಕಿದರು ಅಂತ ಇದ್ದರೆ, ಯಾರ ವರ್ಷ ಎಂದು ಕೇಳಬೇಕು. ಹಿಜರಿ ವರ್ಷವಾದರೆ ಪ್ರತಿ 33ಕ್ಕೆ ಒಂದು ಕಳೆಯಬೇಕು. ಅಕ್ಬರ್ 1605ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಸೂರ್ಯನ ಲೆಕ್ಕದಲ್ಲಿ 63 ಆಗತಾನೆ ತುಂಬಿತ್ತು. ಚಂದ್ರನ ಲೆಕ್ಕದಲ್ಲಿ 65ಕ್ಕೆ ಸುಮಾರು ಮೂರು ವಾರ ಬಾಕಿ. ಅಷ್ಟು ದಿನ ಬದುಕಿದ್ದರೆ ಬೆಳ್ಳಿ ಮತ್ತು ಸಾಸಿವೆ ಎಣ್ಣೆ ಸಿಗುತ್ತಿತ್ತು. ಬಂಗಾರಕ್ಕೆ ಮಾತ್ರ ಇನ್ನೂ ಹೆಚ್ಚುಕಡಿಮೆ ಒಂದು ವರ್ಷ ಕಾಯಬೇಕಿತ್ತು.