ಭೂಕಂಪ 6.2 ಅಂದರು, ನಮ್ಮೂರು ಎಷ್ಟು ಅಲುಗಿತು?

"ರಿಕ್ಟರ್ ಮಾಪಕದಲ್ಲಿ 4.6 ತೀವ್ರತೆ." ಟಿವಿಯಲ್ಲಿ, ಪತ್ರಿಕೆಯಲ್ಲಿ ಈ ಸಾಲು ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. 4.6 ತೀವ್ರತೆಯಲ್ಲ, ಅದು ಮ್ಯಾಗ್ನಿಟ್ಯೂಡ್. ನೆಲದೊಳಗೆ ಬಂಡೆ ಜಾರಿದಾಗ ಆದ ಭೂಕಂಪ ಒಟ್ಟು ಎಷ್ಟು ದೊಡ್ಡದು ಅನ್ನುವುದರ ಲೆಕ್ಕ. ಒಂದು ಭೂಕಂಪಕ್ಕೆ ಅದು ಒಂದೇ. ತೀವ್ರತೆ, ಅಂದರೆ ಇಂಟೆನ್ಸಿಟಿ, ನಾವು ನಿಂತ ಜಾಗ ಎಷ್ಟು ಅಲುಗಿತು ಅಂತ ಹೇಳುತ್ತದೆ. ಅದು ಊರಿಂದ ಊರಿಗೆ ಬೇರೆ. ಒಂದರಿಂದ ಹನ್ನೆರಡರವರೆಗಿನ ದರ್ಜೆಗಳಲ್ಲಿ ಅಳೆಯುತ್ತಾರೆ. ಜನ ಹೆದರಿ ಹೊರಗೆ ಓಡಿದರೇ, ಗಾರೆ ಉದುರಿತೇ, ಗೋಡೆ ಬಿತ್ತೇ ಅಂತ ನೋಡಿ ದರ್ಜೆ ಕೊಡುತ್ತಾರೆ.

2001ರ ಜನವರಿ 26ರ ಗುಜರಾತ್ ಭೂಕಂಪವನ್ನೇ ತೆಗೆದುಕೊಳ್ಳಿ. ಮ್ಯಾಗ್ನಿಟ್ಯೂಡ್ 7.7. ಕೇಂದ್ರದ ಹತ್ತಿರವಿದ್ದ ಭಚಾವ್‌ನಲ್ಲಿ ತೀವ್ರತೆ ಹತ್ತನೇ ದರ್ಜೆ, ಊರೇ ನೆಲಸಮವಾಯಿತು. 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಸುಮಾರು ಏಳು. ಆದರೂ ಅಲ್ಲಿ ಹಲವು ಅಪಾರ್ಟ್‌ಮೆಂಟ್‌ಗಳು ಕುಸಿದು ನೂರಾರು ಜನ ಸತ್ತರು. ಸಾಬರಮತಿ ತಂದು ಹಾಕಿದ ಮೆತ್ತನೆ ಮಣ್ಣು ಅಲುಗಾಟವನ್ನು ಹೆಚ್ಚಿಸಿತು. ಬಿದ್ದವುಗಳಲ್ಲಿ ಬಹಳಷ್ಟು ಕಟ್ಟಡಗಳ ನೆಲಮಹಡಿ ಪಾರ್ಕಿಂಗ್‌ಗೆಂದು ಖಾಲಿ, ಗೋಡೆಯೇ ಇಲ್ಲ, ಬರೀ ಕಂಬ. ಅದೇ ಅಲುಗಾಟದಲ್ಲಿ ಪಕ್ಕದ ಕಟ್ಟಡ ನಿಂತಿತ್ತು. ಹಾಗಾಗಿ ತೀವ್ರತೆಗೂ ಒಂದು ಮಿತಿಯಿದೆ. ಅದು ಬಡಾವಣೆಯ ಸರಾಸರಿ ಕಥೆ, ನಿಮ್ಮ ಮನೆಯ ಕಥೆಯಲ್ಲ.

ಆವತ್ತು ಮ್ಯಾಗ್ನಿಟ್ಯೂಡಿನ ಬಗ್ಗೆಯೇ ಗೊಂದಲವಾಗಿತ್ತು. ನಮ್ಮ ಹವಾಮಾನ ಇಲಾಖೆ 6.9 ಅಂದಿತು, ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ ಮೊದಲು 7.9 ಅಂದು ಆಮೇಲೆ 7.7ಕ್ಕೆ ಇಳಿಸಿತು. ಯಾರೂ ಸುಳ್ಳು ಹೇಳಲಿಲ್ಲ. ಅಳೆಯುವ ಮಾಪಕ ಬೇರೆ ಇತ್ತು. ರಿಕ್ಟರ್ ರೀತಿಯ ಹಳೆಯ ಮಾಪಕ ಇಷ್ಟು ದೊಡ್ಡ ಭೂಕಂಪವನ್ನು ಕಡಿಮೆ ತೋರಿಸುತ್ತದೆ. ಅದಕ್ಕೇ ಈಗ ದೊಡ್ಡ ಭೂಕಂಪಗಳಿಗೆ ಮೊಮೆಂಟ್ ಮ್ಯಾಗ್ನಿಟ್ಯೂಡ್ ಬಳಸುತ್ತಾರೆ.

ಬೀದರ್, ಕಲಬುರಗಿ ಕಡೆಯವರಿಗೆ 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಾದ ಭೂಕಂಪ ನೆನಪಿರುತ್ತದೆ. ಮ್ಯಾಗ್ನಿಟ್ಯೂಡ್ 6.2 ಅಷ್ಟೇ. ಮ್ಯಾಗ್ನಿಟ್ಯೂಡ್ ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಆ ಲೆಕ್ಕದಲ್ಲಿ ಗುಜರಾತಿನದ್ದು ಇದಕ್ಕಿಂತ ನೂರೈವತ್ತು ಪಟ್ಟಿಗೂ ಜಾಸ್ತಿ ಶಕ್ತಿಯದ್ದು. ಆದರೂ ಕಿಲ್ಲಾರಿ ಸುತ್ತ ಹತ್ತಿರ ಹತ್ತಿರ ಹತ್ತು ಸಾವಿರ ಜನ ಹೋದರು. ಬಂಡೆ ಜಾರಿದ್ದು ತೀರಾ ಮೇಲ್ಗಡೆ. ಹಾಗಾಗಿ ಹತ್ತಿರದ ಹಳ್ಳಿಗಳಲ್ಲಿ ಅಲುಗಾಟ ಜೋರಾಗಿತ್ತು. ಮಣ್ಣಿನಲ್ಲಿ ಜೋಡಿಸಿದ ದಪ್ಪ ಕಲ್ಲಿನ ಗೋಡೆಗಳು ಮಲಗಿದ್ದವರ ಮೇಲೇ ಬಿದ್ದವು.

ಆದ್ದರಿಂದ ಸುದ್ದಿಮನೆಯವರಲ್ಲಿ ನನ್ನದೊಂದು ಕೋರಿಕೆ. ಮ್ಯಾಗ್ನಿಟ್ಯೂಡ್ ಹೇಳಿ, ಜೊತೆಗೆ ಎಷ್ಟು ಆಳ ಅಂತ ಹೇಳಿ, ಆಮೇಲೆ ಯಾವ ಊರಲ್ಲಿ ಎಷ್ಟು ತೀವ್ರತೆ ಅಂತ ಹೇಳಿ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ತನ್ನ ಪ್ರಕಟಣೆಗಳಲ್ಲಿ ತೀವ್ರತೆ ಕಡಿಮೆಯೋ ಹೆಚ್ಚೋ, ಎಷ್ಟು ಕಿ.ಮೀ. ದೂರದವರೆಗೆ ಕಂಪನ ಗೊತ್ತಾಗಬಹುದು ಅಂತ ಬರೆಯುತ್ತದೆ. ಗೋಡೆ ಬಿರುಕು ಬಿಟ್ಟಿದೆಯಾ ಅಂತ ನೋಡುತ್ತಾ ಅಂಗಳದಲ್ಲಿ ನಿಂತವರಿಗೆ ಬೇಕಾದದ್ದು ಆ ಸಾಲು. ಸುದ್ದಿಯಲ್ಲಿ ಅದನ್ನೇ ಕತ್ತರಿಸಬೇಡಿ.