ಚೌರಿಗೆ ಕಪ್ಪು ಡೈ ಹಚ್ಚೋ ಮುಂಚೆ ಸ್ವಲ್ಪ ನಿಲ್ಲಿ

ಹೋದ ತಿಂಗಳು ಒಂದು ಮದುವೆಗೆ ಮೇಕಪ್ ಮಾಡೋಕೆ ಹೋಗಿದ್ದೆ. ಮದುಮಗಳ ಅಮ್ಮ ಒಂದು ಕ್ಲಿಪ್ ಎಕ್ಸ್‌ಟೆನ್ಶನ್ ತಂದು ಕೈಗಿಟ್ರು, "ನೋಡಮ್ಮ, ಮನೇಲೇ ಕಪ್ಪು ಮಾಡಿದೀನಿ, ಜಡೆಗೆ ಸೇರಿಸಿಬಿಡು" ಅಂತ. ಅಸಲಿ ಕೂದಲೇ, ಮೊದಲು ಜೇನಿನ ಬಣ್ಣ ಇತ್ತಂತೆ. ಡಬ್ಬಿ ಡೈ ಕಲಸಿ ತಲೆಗೆ ಹಚ್ಚೋ ಹಾಗೇ ಹಚ್ಚಿ 40 ನಿಮಿಷ ಬಿಟ್ಟಿದಾರೆ. ತುದಿಯೆಲ್ಲಾ ನೀಲಿ ಹೊಡೆಯೋ ಕಡುಕಪ್ಪು, ಹೊಲಿಗೆ ಹತ್ರ ಇನ್ನೂ ಜೇನಿನ ಬಣ್ಣ, ಒದ್ದೆ ಟಿಶ್ಯೂಲಿ ಒರೆಸಿದ್ರೆ ಟಿಶ್ಯೂನೇ ಕಪ್ಪು! ಮಗಳ ಕೂದಲು ನೋಡಿದ್ರೆ ಗಾಢ ಕಂದು. ಮೊಗ್ಗಿನ ಜಡೆ ಆಗಿದ್ದಕ್ಕೆ ಹೂವಿನ ಒಳಗೆ ಮುಚ್ಚಿಹೋಯ್ತು, ಬಿಡಿಗೂದಲು ಆಗಿದ್ರೆ ಏನೂ ಮಾಡೋಕಾಗ್ತಿರಲಿಲ್ಲ.

ಇದರಲ್ಲಿ ಆ ಅಮ್ಮನ ತಪ್ಪಿಲ್ಲ, ಯಾರೂ ಅವರಿಗೆ ಹೇಳಿಲ್ಲ ಅಷ್ಟೇ. ತಲೇಲಿರೋ ಕೂದಲಿಗೆ ಬುಡದಿಂದ ಎಣ್ಣೆ ಬರ್ತಾ ಇರುತ್ತೆ, ಚೌರಿಗೆ ಅದಿಲ್ಲ, ಜೊತೆಗೆ ತಿಳಿ ಬಣ್ಣದ ಪೀಸ್ ಅಂದ್ರೆ ಸಾಮಾನ್ಯವಾಗಿ ಮೊದಲೇ ಬ್ಲೀಚ್ ಆಗಿರೋದು, ಹಾಗಾಗಿ ಬಣ್ಣ ಸ್ಪಂಜಿನ ಹಾಗೆ ಹೀರ್ಕೊಳ್ಳುತ್ತೆ, ತುದಿ ಇನ್ನೂ ಜಾಸ್ತಿ. ಹೀರಿದ ಮೇಲೆ ತೆಗೆಯೋದು ತುಂಬಾ ಕಷ್ಟ, ಕಪ್ಪು ಡೈ ಮೇಲೆ ಕಂದು ಡೈ ಹಚ್ಚಿದ್ರೂ ಕಂದಾಗಲ್ಲ. ಅದಕ್ಕೇ ನನ್ನ ಮಾತು, ಯಾವಾಗಲೂ ಬೇಕಾದ ಬಣ್ಣಕ್ಕಿಂತ ಒಂದು ಶೇಡ್ ತಿಳಿ ತಗೊಳ್ಳಿ. ಸಾಲದಿದ್ರೆ ಇನ್ನೊಂದು ಸಲ ಹಚ್ಚಬಹುದು.

ನನಗೆ ಸರಿ ಅನ್ನಿಸೋದು ಅಮೋನಿಯಾ ಇಲ್ಲದ, ನಿಧಾನಕ್ಕೆ ಮಾಸೋ ಡೆಮಿ ಪರ್ಮನೆಂಟ್ ಡೈ, ಅದಕ್ಕೆ ಕಲಸೋಕೆ ಜೊತೆಗೆ ಬರೋ ಕಡಿಮೆ ಪವರ್ ಡೆವಲಪರ್ ದ್ರವ. ಬಣ್ಣ ಗಾಢ ಮಾಡೋಕೆ ಅಷ್ಟೇ ಸಾಕು, 20 ವಾಲ್ಯೂಮ್ ಅಂತ ಬರೋ ಜಾಸ್ತಿ ಪವರ್ ಡೆವಲಪರ್ ಬೇಡವೇ ಬೇಡ. ಮೊದಲು ಮೆತ್ತಿಕೊಂಡಿರೋದನ್ನೆಲ್ಲಾ ತೆಗೆಯೋ ಕ್ಲಾರಿಫೈಯಿಂಗ್ ಶಾಂಪೂ ಹಾಕಿ ತೊಳೆದು ಒಣಗಿಸಿ, ಕಂಪನಿಯವರು ಹಚ್ಚಿರೋ ಸಿಲಿಕಾನ್ ಇದ್ರೆ ಡೈ ತೇಪೆ ತೇಪೆ ಆಗುತ್ತೆ. ಒಳಗಡೆ ಕಾಣದ ಒಂದು ಎಳೆಗೆ ಹಚ್ಚಿ, 5 ನಿಮಿಷಕ್ಕೊಂದ್ಸಲ ಒರೆಸಿ ನೋಡಿ, ಒದ್ದೆ ಇದ್ದಾಗ ಇನ್ನೂ ಗಾಢ ಕಾಣುತ್ತೆ ಅಂತ ಒಣಗಿಸಿನೂ ನೋಡಿ. ಆ ಎಳೆಗೆ 10 ನಿಮಿಷ ಸಾಕಾದ್ರೆ ಇಡೀ ಪೀಸಿಗೂ 10 ನಿಮಿಷವೇ. ತುದಿಗೆ ಕೊನೆಗೆ ಹಚ್ಚಿ. ನೀರು ತಿಳಿಯಾಗೋ ತನಕ ತೊಳೆದು ಕಂಡಿಷನರ್ ಹಾಕಿ. ಲೇಸ್ ವಿಗ್ ಆದ್ರೆ ಕೂದಲು ಕಟ್ಟಿರೋ ತೆಳು ಲೇಸ್ ಬಲೆಗೆ ತಾಗದ ಹಾಗೆ ಬುಡದಿಂದ ಸ್ವಲ್ಪ ದೂರ ನಿಲ್ಲಿಸಿ, ಬಲೆಗೆ ಕರೆ ಹಿಡಿದ್ರೆ ಹಣೆ ಮೇಲೆ ಎದ್ದು ಕಾಣುತ್ತೆ.

ತುಂಬಾ ಬಿಳುಪು ಬ್ಲಾಂಡ್ ಪೀಸಿಗೆ ನೇರವಾಗಿ ಆ್ಯಶ್ ಬ್ರೌನ್, ಅಂದ್ರೆ ಬೂದಿ ಛಾಯೆಯ ಕಂದು, ಹಾಕಲೇಬೇಡಿ, ಹಸಿರು ಹೊಡೆಯುತ್ತೆ. ಬ್ಲೀಚಲ್ಲಿ ಕೂದಲಿನ ಕೆಂಪು ಎಲ್ಲಾ ಹೋಗಿರುತ್ತೆ, ಮೊದಲು ತಾಮ್ರದ ಬಣ್ಣ ತುಂಬಿಸಿ ಆಮೇಲೆ ಕಂದು.

ಇನ್ನು ಪೀಸ್ ಅಸಲಿನಾ ಅಂತ ಡೌಟಿದ್ರೆ ಉದುರಿದ ಒಂದು ಕೂದಲನ್ನ ಚಿಮುಟದಲ್ಲಿ ಹಿಡ್ದು ಸಿಂಕ್ ಮೇಲೆ ಸುಟ್ಟು ನೋಡಿ. ಪುಕ್ಕ ಸುಟ್ಟ ವಾಸನೆ ಬಂದು ಪುಡಿಯಾದ್ರೆ ಅಸಲಿ. ಕರಗಿ ಗಟ್ಟಿ ಮಣಿ ತರ ಆದ್ರೆ ಸಿಂಥೆಟಿಕ್, ಅದಕ್ಕೆ ತಲೆ ಡೈ ಹತ್ತೋದೇ ಇಲ್ಲ, ಬೇಕಾದ ಬಣ್ಣದ್ದೇ ಕೊಂಡ್ಕೊಳ್ಳಿ.